ಟ್ರಾನೆಕ್ಸಾಮಿಕ್ ಆಮ್ಲ: ಇದು ರಕ್ತವನ್ನು ಹೆಪ್ಪುಗಟ್ಟಿಸುವ ಔಷಧಿಯೇ?

ಮುಟ್ಟಿನಲ್ಲಿ ವಿಪರೀತ ರಕ್ತ ಹೋದಾಗ, ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದಿದ್ದಾಗ, ಅಪಘಾತದಲ್ಲಿ ಪೆಟ್ಟಾದಾಗ ವೈದ್ಯರು ಕೊಡುವ ಔಷಧಿಗಳಲ್ಲಿ ಟ್ರಾನೆಕ್ಸಾಮಿಕ್ ಆಮ್ಲವೂ ಒಂದು. ಇದನ್ನು 'ಬ್ಲೀಡಿಂಗ್ ನಿಲ್ಲಿಸುವ ಮಾತ್ರೆ' ಎಂದು ಕರೆಯುವವರೇ ಹೆಚ್ಚು. ಇದು ರಕ್ತವನ್ನು ಗಟ್ಟಿ ಮಾಡುತ್ತದೆ, ಆದ್ದರಿಂದ ರಕ್ತ ನಿಲ್ಲುತ್ತದೆ ಎಂದು ಹಲವರು ನಂಬಿದ್ದಾರೆ. ಈ ನಂಬಿಕೆ ಸರಿಯಲ್ಲ. ಟ್ರಾನೆಕ್ಸಾಮಿಕ್ ಆಮ್ಲ ಹೊಸದಾಗಿ ಹೆಪ್ಪು ಕಟ್ಟುವುದಿಲ್ಲ. ದೇಹವೇ ಕಟ್ಟಿಕೊಂಡ ಹೆಪ್ಪು ಬೇಗನೆ ಕರಗಿಹೋಗದಂತೆ ಅದು ತಡೆಯುತ್ತದೆ. ಈ ವ್ಯತ್ಯಾಸ ಗೊತ್ತಾದರೆ ಔಷಧಿ ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಮಾಡುವುದಿಲ್ಲ, ಮೂರು ಗಂಟೆಯ ಗಡುವು ಏಕೆ ಎನ್ನುವುದೂ ಅರ್ಥವಾಗುತ್ತದೆ.

ಹೆಪ್ಪು ಕಟ್ಟುವುದೂ ಕರಗುವುದೂ ಒಟ್ಟಿಗೇ ನಡೆಯುತ್ತವೆ

ರಕ್ತನಾಳಕ್ಕೆ ಗಾಯವಾದ ತಕ್ಷಣ ರಕ್ತದಲ್ಲಿರುವ ಪ್ಲೇಟ್‌ಲೆಟ್‌ಗಳು ಅಲ್ಲಿಗೆ ಬಂದು ಅಂಟಿಕೊಳ್ಳುತ್ತವೆ. ಆದರೆ ಅವುಗಳ ಗುಂಪು ಮಾತ್ರ ರಕ್ತದ ಒತ್ತಡವನ್ನು ಬಹಳ ಹೊತ್ತು ತಡೆಯಲಾರದು. ಆಗ ರಕ್ತದಲ್ಲಿ ಕರಗಿರುವ ಫೈಬ್ರಿನೋಜೆನ್ ಎಂಬ ಪ್ರೋಟೀನು ಫೈಬ್ರಿನ್ ಎಂಬ ಎಳೆಗಳಾಗಿ ಬದಲಾಗುತ್ತದೆ. ಈ ಎಳೆಗಳು ಬಲೆಯಂತೆ ಹೆಣೆದುಕೊಂಡು ಪ್ಲೇಟ್‌ಲೆಟ್‌ಗಳನ್ನೂ ಕೆಂಪು ರಕ್ತಕಣಗಳನ್ನೂ ಹಿಡಿದಿಡುತ್ತವೆ. ನಾವು ಹೆಪ್ಪು ಎನ್ನುವುದು ಇದನ್ನೇ.

ಹೀಗೆ ಕಟ್ಟಿದ ಹೆಪ್ಪು ಶಾಶ್ವತವಾಗಿ ಅಲ್ಲೇ ಉಳಿದರೆ ರಕ್ತನಾಳ ಮುಚ್ಚಿಹೋಗುತ್ತದೆ. ಆದ್ದರಿಂದ ಅದನ್ನು ಕರಗಿಸುವ ವ್ಯವಸ್ಥೆಯೂ ದೇಹದಲ್ಲಿದೆ. ಪ್ಲಾಸ್ಮಿನೋಜೆನ್ ಎಂಬ ಪ್ರೋಟೀನು ಸದಾ ರಕ್ತದಲ್ಲಿ ಓಡಾಡುತ್ತಿರುತ್ತದೆ. ಅದು ಫೈಬ್ರಿನ್ ಎಳೆಯ ಮೇಲೆ ಕುಳಿತಾಗ, ರಕ್ತನಾಳದ ಒಳಪದರದಿಂದ ಬರುವ ಇನ್ನೊಂದು ಪ್ರೋಟೀನು ಅದನ್ನು ಪ್ಲಾಸ್ಮಿನ್ ಆಗಿ ಬದಲಾಯಿಸುತ್ತದೆ. ಪ್ಲಾಸ್ಮಿನ್ ಕತ್ತರಿಯಂತೆ ಫೈಬ್ರಿನ್ ಬಲೆಯನ್ನು ತುಂಡರಿಸುತ್ತದೆ.

ಸಣ್ಣ ಗಾಯಗಳಲ್ಲಿ ಕಟ್ಟುವ ಕೆಲಸ ಮೊದಲು ಮುಗಿದು, ಕರಗಿಸುವ ಕೆಲಸ ನಿಧಾನವಾಗಿ ನಂತರ ನಡೆಯುತ್ತದೆ. ಆದರೆ ದೊಡ್ಡ ಪೆಟ್ಟಾದಾಗ ಅಥವಾ ಹೆರಿಗೆಯ ಸಮಯದಲ್ಲಿ ಕರಗಿಸುವ ಪ್ರೋಟೀನು ಒಮ್ಮೆಲೇ ಹೆಚ್ಚು ಬಿಡುಗಡೆಯಾಗಬಹುದು. ಆಗ ಗಾಯದ ಬಾಯಿ ಮುಚ್ಚುವ ಮೊದಲೇ ಹೆಪ್ಪು ಕರಗಿ, ರಕ್ತ ಮತ್ತೆ ಹರಿಯುತ್ತದೆ.

ಔಷಧಿ ಎಲ್ಲಿ ಅಡ್ಡ ಬರುತ್ತದೆ?

ಫೈಬ್ರಿನ್ ಎಳೆಯ ಮೇಲೆ ಅಲ್ಲಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಹೊರಚಾಚಿಕೊಂಡಿರುತ್ತದೆ. ಪ್ಲಾಸ್ಮಿನೋಜೆನ್‌ನಲ್ಲಿ ಈ ಲೈಸಿನ್ ಕೂರುವಂತಹ ಕುಳಿಗಳಿವೆ. ಲೈಸಿನ್ ಆ ಕುಳಿಯೊಳಗೆ ಕೂತರೆ ಮಾತ್ರ ಪ್ಲಾಸ್ಮಿನೋಜೆನ್‌ಗೆ ಎಳೆಯ ಮೇಲೆ ಹಿಡಿತ ಸಿಗುತ್ತದೆ. ಟ್ರಾನೆಕ್ಸಾಮಿಕ್ ಆಮ್ಲದ ಅಣು ನೋಡಲು ಲೈಸಿನ್‌ನಂತೆಯೇ ಇದೆ. ಅದು ಮೊದಲೇ ಹೋಗಿ ಆ ಕುಳಿಗಳಲ್ಲಿ ಕುಳಿತುಬಿಡುತ್ತದೆ. ಕುಳಿ ಖಾಲಿ ಇಲ್ಲದ ಪ್ಲಾಸ್ಮಿನೋಜೆನ್ ಫೈಬ್ರಿನ್ ಪಕ್ಕದಲ್ಲೇ ಹಾದುಹೋದರೂ ಅದನ್ನು ಹಿಡಿಯಲಾರದು. ಹೆಪ್ಪು ಉಳಿಯುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಔಷಧಿ ಕೆಲಸ ಮಾಡಬೇಕಾದರೆ ಮೊದಲು ಹೆಪ್ಪು ಇರಬೇಕು. ದೊಡ್ಡ ರಕ್ತನಾಳ ತುಂಡಾಗಿ ರಕ್ತ ಚಿಮ್ಮುತ್ತಿದ್ದರೆ ಅದನ್ನು ಒತ್ತಿ ಹಿಡಿಯಬೇಕು ಅಥವಾ ಹೊಲಿಗೆ ಹಾಕಬೇಕು. ಆ ಕೆಲಸವನ್ನು ಈ ಔಷಧಿ ಮಾಡುವುದಿಲ್ಲ.

ಜಪಾನಿನ ದಂಪತಿಯ ಶೋಧ

ಈ ಔಷಧಿಯನ್ನು ಕಂಡುಹಿಡಿದವರು ಜಪಾನಿನ ಉತಾಕೊ ಒಕಾಮೊಟೊ ಮತ್ತು ಅವರ ಪತಿ ಶೋಸುಕೆ ಒಕಾಮೊಟೊ. ಅವರು ಮೊದಲು ಲೈಸಿನ್‌ನಿಂದಲೇ ಆರಂಭಿಸಿ, ಅದರಂತೆಯೇ ಇರುವ ಅಣುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾ ಹೋದರು. ಟ್ರಾನೆಕ್ಸಾಮಿಕ್ ಆಮ್ಲದ ಬಗ್ಗೆ 1962ರಲ್ಲಿ ಪ್ರಕಟಿಸಿದರು. ಹೆರಿಗೆಯ ನಂತರದ ರಕ್ತಸ್ರಾವದಿಂದ ಸಾಯುವ ತಾಯಂದಿರನ್ನು ಉಳಿಸಬೇಕೆಂಬುದು ಉತಾಕೊ ಅವರ ಆಸೆಯಾಗಿತ್ತು. ಆದರೆ ಆ ಕಾಲದ ವೈದ್ಯರು ಬಾಣಂತಿಯರ ಮೇಲೆ ಇದನ್ನು ಪರೀಕ್ಷಿಸಲು ಒಪ್ಪಲಿಲ್ಲ. ಆ ದೊಡ್ಡ ಪರೀಕ್ಷೆಯ ಫಲಿತಾಂಶ ಬಂದದ್ದು 2017ರಲ್ಲಿ. ಅದರ ಹಿಂದಿನ ವರ್ಷ ಉತಾಕೊ ತೀರಿಕೊಂಡಿದ್ದರು.

ಹೆರಿಗೆಯ ನಂತರ: ಗಡಿಯಾರ ನೋಡಿ ಕೊಡುವ ಔಷಧಿ

'ವುಮನ್' ಎಂಬ ಹೆಸರಿನ ಆ ಪರೀಕ್ಷೆಯಲ್ಲಿ 21 ದೇಶಗಳ ಸುಮಾರು 20,000 ಮಹಿಳೆಯರಿದ್ದರು. ಎಲ್ಲರಿಗೂ ಹೆರಿಗೆಯ ನಂತರ ಅತಿಯಾದ ರಕ್ತಸ್ರಾವವಾಗಿತ್ತು. ಅರ್ಧದಷ್ಟು ಮಂದಿಗೆ ಮಾಮೂಲಿ ಚಿಕಿತ್ಸೆಯ ಜೊತೆ ಟ್ರಾನೆಕ್ಸಾಮಿಕ್ ಆಮ್ಲ, ಉಳಿದವರಿಗೆ ಮಾಮೂಲಿ ಚಿಕಿತ್ಸೆಯ ಜೊತೆ ಔಷಧಿಯಿಲ್ಲದ ದ್ರಾವಣ ಕೊಡಲಾಯಿತು. ಹೆರಿಗೆಯಾಗಿ ಮೂರು ಗಂಟೆಯೊಳಗೆ ಚಿಕಿತ್ಸೆ ಪಡೆದವರನ್ನು ಮಾತ್ರ ನೋಡಿದರೆ, ರಕ್ತಸ್ರಾವದಿಂದ ಸತ್ತವರು ಔಷಧಿಯಿಲ್ಲದ ಗುಂಪಿನಲ್ಲಿ ಸಾವಿರಕ್ಕೆ 17, ಔಷಧಿ ಪಡೆದ ಗುಂಪಿನಲ್ಲಿ ಸಾವಿರಕ್ಕೆ 12. ಮೂರು ಗಂಟೆ ಕಳೆದ ಮೇಲೆ ಪಡೆದವರಿಗೆ ಯಾವ ಲಾಭವೂ ಕಾಣಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇದನ್ನೇ ಆಧರಿಸಿದೆ. ಒಂದು ಉದಾಹರಣೆ ನೋಡೋಣ. ಬೆಳಿಗ್ಗೆ 10 ಗಂಟೆಗೆ ಸಹಜ ಹೆರಿಗೆಯಾಗಿದೆ ಎಂದುಕೊಳ್ಳಿ. 10:20ಕ್ಕೆ ಅರ್ಧ ಲೀಟರ್‌ಗಿಂತ ಹೆಚ್ಚು ರಕ್ತ ಹೋಗಿರುವುದು ನರ್ಸ್ ಗಮನಕ್ಕೆ ಬರುತ್ತದೆ. ಗರ್ಭಕೋಶ ಸರಿಯಾಗಿ ಬಿಗಿಯಾಗದಿರುವುದೇ ಇಂತಹ ರಕ್ತಸ್ರಾವಕ್ಕೆ ಅತಿ ಸಾಮಾನ್ಯ ಕಾರಣ. ಹಾಗಾಗಿ ಹೊಟ್ಟೆಯ ಮೇಲಿಂದ ಗರ್ಭಕೋಶವನ್ನು ತಿಕ್ಕಿ, ಅದು ಕುಗ್ಗುವಂತೆ ಆಕ್ಸಿಟೋಸಿನ್ ಕೊಡುತ್ತಾರೆ. ಇದರ ಜೊತೆಗೇ 1 ಗ್ರಾಂ ಟ್ರಾನೆಕ್ಸಾಮಿಕ್ ಆಮ್ಲವನ್ನು ರಕ್ತನಾಳದ ಮೂಲಕ 10 ನಿಮಿಷದಲ್ಲಿ ನಿಧಾನವಾಗಿ ಕೊಡುತ್ತಾರೆ. ಅರ್ಧ ಗಂಟೆಯ ನಂತರವೂ ರಕ್ತ ಹೋಗುತ್ತಲೇ ಇದ್ದರೆ, ಅಥವಾ ನಿಂತು 24 ಗಂಟೆಯೊಳಗೆ ಮತ್ತೆ ಶುರುವಾದರೆ, ಇನ್ನೊಂದು ಗ್ರಾಂ ಕೊಡಬಹುದು. ಮೊದಲ ಡೋಸಿಗೆ ಮಧ್ಯಾಹ್ನ 1 ಗಂಟೆಯೇ ಗಡುವು. ಆದರೆ ಅಲ್ಲಿಯವರೆಗೆ ಕಾಯಬಹುದು ಎಂದಲ್ಲ. ಪ್ರತಿ 15 ನಿಮಿಷ ತಡವಾದಂತೆ ಲಾಭ ಸುಮಾರು ಶೇ. 10ರಷ್ಟು ಕಡಿಮೆಯಾಗುತ್ತದೆ ಎಂದು ಲೆಕ್ಕ ಹಾಕಲಾಗಿದೆ.

ಅಪಘಾತದಲ್ಲಿ: ತಡವಾದರೆ ಕೆಡುಕು

ಅಪಘಾತದ ಗಾಯಾಳುಗಳ ಮೇಲಿನ 'ಕ್ರ್ಯಾಶ್-2' ಪರೀಕ್ಷೆ 2010ರಲ್ಲಿ ಪ್ರಕಟವಾಯಿತು. ಅದರಲ್ಲಿಯೂ 20,000ಕ್ಕೂ ಹೆಚ್ಚು ಜನರಿದ್ದರು. ಗಾಯವಾಗಿ ಒಂದು ಗಂಟೆಯೊಳಗೆ ಔಷಧಿ ಪಡೆದವರಲ್ಲಿ ರಕ್ತಸ್ರಾವದಿಂದಾದ ಸಾವು ಶೇ. 7.7ರಿಂದ 5.3ಕ್ಕೆ ಇಳಿಯಿತು. ಮೂರು ಗಂಟೆಯ ನಂತರ ಪಡೆದವರಲ್ಲಿ ಮಾತ್ರ ಲೆಕ್ಕ ತಿರುವುಮುರುವಾಯಿತು: ಔಷಧಿಯಿಲ್ಲದವರಲ್ಲಿ ಶೇ. 3.1 ಇದ್ದರೆ, ಔಷಧಿ ಪಡೆದವರಲ್ಲಿ ಶೇ. 4.4.

ಹೀಗೇಕೆ? ಗಾಯವಾದ ಮೊದಲ ಗಂಟೆಗಳಲ್ಲಿ ಹೆಪ್ಪು ಕರಗಿಸುವ ವ್ಯವಸ್ಥೆ ಜೋರಾಗಿರುತ್ತದೆ. ಆಮೇಲೆ ಅದನ್ನು ತಡೆಯುವ ಪ್ರೋಟೀನನ್ನು ದೇಹವೇ ಹೆಚ್ಚಿಸಿಕೊಳ್ಳುತ್ತದೆ. ಅಷ್ಟರಲ್ಲಿ ಔಷಧಿ ಕೊಟ್ಟರೆ ತಡೆಯುವುದಕ್ಕೆ ಏನೂ ಉಳಿದಿರುವುದಿಲ್ಲ. ತಡವಾದ ಬಳಕೆಯಿಂದ ಆಗುವ ಹಾನಿಗೆ ಇದು ಒಂದು ಸಂಭವನೀಯ ವಿವರಣೆ.

ಮುಟ್ಟಿನ ಅತಿಸ್ರಾವದಲ್ಲಿ

ಮನೆಗಳಲ್ಲಿ ಈ ಔಷಧಿ ಹೆಚ್ಚಾಗಿ ಕಾಣಸಿಗುವುದು ಮುಟ್ಟಿನ ಅತಿಸ್ರಾವಕ್ಕೆ ಮಾತ್ರೆಯ ರೂಪದಲ್ಲಿ. ಗರ್ಭಕೋಶದ ಒಳಪದರದಲ್ಲಿ ಹೆಪ್ಪು ಕರಗಿಸುವ ಪ್ರೋಟೀನು ಹೇರಳವಾಗಿದೆ. ಅತಿಸ್ರಾವವಿರುವ ಹಲವರಲ್ಲಿ ಅದು ಇನ್ನೂ ಹೆಚ್ಚಿರುತ್ತದೆ. ಸಾಮಾನ್ಯವಾಗಿ 500 ಮಿಲಿಗ್ರಾಂನ ಎರಡು ಮಾತ್ರೆಗಳನ್ನು ದಿನಕ್ಕೆ ಮೂರು ಬಾರಿಯಂತೆ, ಹೆಚ್ಚೆಂದರೆ ನಾಲ್ಕು ದಿನ ಬರೆಯುತ್ತಾರೆ. ಇದರಿಂದ ರಕ್ತದ ಪ್ರಮಾಣ ಸುಮಾರು ಶೇ. 40ರಷ್ಟು ಕಡಿಮೆಯಾಗಬಹುದು. ಸ್ರಾವ ಶುರುವಾದ ಮೇಲೆ ತೆಗೆದುಕೊಳ್ಳಬೇಕು, ಮುಂಚೆಯೇ ನುಂಗಿದರೆ ಪ್ರಯೋಜನವಿಲ್ಲ. ಔಷಧಿಯ ಬಹುಭಾಗ ಮೂತ್ರದಲ್ಲಿ ಬೇಗನೆ ಹೊರಹೋಗುವುದರಿಂದ ದಿನಕ್ಕೆ ಒಂದೇ ಡೋಸು ಸಾಲುವುದಿಲ್ಲ.

ಇದು ಹಾರ್ಮೋನು ಅಲ್ಲ. ಮುಟ್ಟನ್ನು ಮುಂದೂಡುವುದಿಲ್ಲ, ಗರ್ಭಧಾರಣೆಯನ್ನು ತಡೆಯುವುದಿಲ್ಲ, ಮುಟ್ಟಿನ ನೋವನ್ನೂ ಕಡಿಮೆ ಮಾಡುವುದಿಲ್ಲ. ಗಡ್ಡೆಯಂತಹ ಮೂಲ ಕಾರಣ ಇದ್ದರೆ ಅದು ಹಾಗೇ ಉಳಿಯುತ್ತದೆ. ಆದ್ದರಿಂದ ತಿಂಗಳು ತಿಂಗಳೂ ಇದೇ ಮಾತ್ರೆಯ ಮೇಲೆ ನಡೆಯುತ್ತಿದ್ದರೆ ಒಮ್ಮೆ ಸ್ತ್ರೀರೋಗ ತಜ್ಞರಿಗೆ ತೋರಿಸಿ, ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸುವುದು ಒಳ್ಳೆಯದು.

ಎಲ್ಲ ರಕ್ತಸ್ರಾವಕ್ಕೂ ಇದು ಮದ್ದಲ್ಲ

ಹೊಟ್ಟೆ, ಕರುಳಿನ ರಕ್ತಸ್ರಾವಕ್ಕೂ ಇದು ಉಪಯೋಗವಾದೀತೆಂದು ಬಹುಕಾಲ ಅಂದುಕೊಳ್ಳಲಾಗಿತ್ತು. 2020ರ 'ಹಾಲ್ಟ್-ಇಟ್' ಪರೀಕ್ಷೆಯಲ್ಲಿ 12,000 ರೋಗಿಗಳನ್ನು ನೋಡಿದಾಗ ಸಾವಿನ ಪ್ರಮಾಣ ಎರಡೂ ಗುಂಪುಗಳಲ್ಲಿ ಒಂದೇ ಆಗಿತ್ತು. ಬದಲಿಗೆ ಕಾಲು ಅಥವಾ ಶ್ವಾಸಕೋಶದ ಅಭಿಧಮನಿ-ಅಪಧಮನಿಗಳಲ್ಲಿ ಹೆಪ್ಪು ಸಿಕ್ಕಿಕೊಂಡವರು ಔಷಧಿ ಪಡೆದ ಗುಂಪಿನಲ್ಲಿ ಎರಡು ಪಟ್ಟು (ಶೇ. 0.4ರ ಬದಲು 0.8) ಇದ್ದರು. ಆದ್ದರಿಂದ ರಕ್ತವಾಂತಿ ಅಥವಾ ಕಪ್ಪು ಮಲಕ್ಕೆ ಮನೆಯಲ್ಲಿರುವ ಈ ಮಾತ್ರೆ ಉತ್ತರವಲ್ಲ.

ಮೂತ್ರದಲ್ಲಿ ರಕ್ತ ಬರುತ್ತಿದ್ದರೂ ಎಚ್ಚರ ಬೇಕು. ಮೂತ್ರಪಿಂಡದಿಂದ ಬರುವ ರಕ್ತ ನಾಳದಲ್ಲಿ ಹೆಪ್ಪುಗಟ್ಟಿ, ಕರಗದೆ ಮೂತ್ರದ ದಾರಿಯನ್ನೇ ಕಟ್ಟಿಬಿಡಬಹುದು. ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ಹೆಪ್ಪು ಇರುವವರು, ಹಿಂದೆ ಆಗಿದ್ದವರು, ಮೂರ್ಛೆರೋಗವಿರುವವರು, ಮೂತ್ರಪಿಂಡ ದುರ್ಬಲವಾಗಿರುವವರು, ಗರ್ಭನಿರೋಧಕ ಹಾರ್ಮೋನು ಮಾತ್ರೆ ನುಂಗುತ್ತಿರುವವರು ಇದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಔಷಧಿ ತೆಗೆದುಕೊಳ್ಳುವಾಗ ಒಂದೇ ಕಾಲು ಊದಿ ನೋಯುವುದು, ದಿಢೀರನೆ ಎದೆನೋವು ಅಥವಾ ಉಸಿರಾಟದ ತೊಂದರೆ, ದೃಷ್ಟಿ ಅಥವಾ ಬಣ್ಣ ಗುರುತಿಸುವುದರಲ್ಲಿ ವ್ಯತ್ಯಾಸ ಕಂಡರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಆಸ್ಪತ್ರೆಯೊಳಗೆ ಆಗಬಹುದಾದ ಒಂದು ಪ್ರಮಾದದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಎಚ್ಚರಿಸಿದೆ. ಸಿಸೇರಿಯನ್‌ಗೆ ಮುನ್ನ ಬೆನ್ನುಹುರಿಯ ಬಳಿ ಕೊಡುವ ಅರಿವಳಿಕೆಯ ಚಿಕ್ಕ ಗಾಜಿನ ಸೀಸೆಯೂ ಟ್ರಾನೆಕ್ಸಾಮಿಕ್ ಆಮ್ಲದ ಸೀಸೆಯೂ ಕೆಲವೊಮ್ಮೆ ಒಂದೇ ರೀತಿ ಕಾಣುತ್ತವೆ. ಒಂದರ ಬದಲು ಇನ್ನೊಂದನ್ನು ಬೆನ್ನಿಗೆ ಚುಚ್ಚಿದರೆ ತೀವ್ರ ನೋವು, ನಿಲ್ಲದ ಸೆಳವು ಬಂದು ಪ್ರಾಣವೇ ಹೋಗಬಹುದು. ಹಾಗಾಗಿ ಎರಡನ್ನೂ ಬೇರೆ ಬೇರೆ ಕಡೆ ಇಡಬೇಕು, ಚುಚ್ಚುವ ಮೊದಲು ಹೆಸರನ್ನು ಓದಿ ಖಚಿತಪಡಿಸಿಕೊಳ್ಳಬೇಕು ಎಂಬುದು ಸಂಸ್ಥೆಯ ಸೂಚನೆ.