ಕರೆಂಟು ಬಿಲ್ಲಿನ 200ರ ಗೆರೆ ಮತ್ತು ಅಡುಗೆಮನೆಯ ಹಳೆಯ ಫ್ರಿಜ್

ಬಿಲ್ಲಿನಲ್ಲಿ ಮೊದಲು ನೋಡಬೇಕಾದದ್ದು

ಮೀಟರ್ ರೀಡರ್ ಕೊಟ್ಟುಹೋಗುವ ಉದ್ದನೆಯ ಚೀಟಿಯಲ್ಲಿ ಹೆಚ್ಚಿನವರ ಕಣ್ಣು ನೇರವಾಗಿ ಕೊನೆಯ ಮೊತ್ತಕ್ಕೆ ಹೋಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಮೇಲ್ಭಾಗದಲ್ಲಿದೆ: ರೀಡಿಂಗ್ ತೆಗೆದ ಎರಡು ದಿನಾಂಕಗಳು, ಹಿಂದಿನ ಮಾಪನ, ಇಂದಿನ ಮಾಪನ. ಎರಡು ಮಾಪನಗಳ ವ್ಯತ್ಯಾಸವೇ ಬಳಸಿದ ಯೂನಿಟ್. ಅದನ್ನು ದಿನಗಳ ಸಂಖ್ಯೆಯಿಂದ ಭಾಗಿಸಿದರೆ ದಿನದ ಬಳಕೆ ಸಿಗುತ್ತದೆ. ಒಂದು ತಿಂಗಳು 28 ದಿನಕ್ಕೂ ಇನ್ನೊಂದು ತಿಂಗಳು 33 ದಿನಕ್ಕೂ ಬಿಲ್ ಬಂದಿದ್ದರೆ ಮೊತ್ತಗಳನ್ನು ಹೋಲಿಸಿ ಪ್ರಯೋಜನವಿಲ್ಲ. ದಿನದ ಯೂನಿಟ್ಟನ್ನೇ ಹೋಲಿಸಬೇಕು. ಮನೆಗೆ ಬೀಗ ಹಾಕಿದ್ದಾಗ ಬಂದ ಬಿಲ್ ಹಳೆಯ ಸರಾಸರಿಯ ಮೇಲೆ ಹಾಕಿದ್ದಾಗಿರುತ್ತದೆ. ಆ ತಿಂಗಳ ಲೆಕ್ಕದಿಂದ ಬಳಕೆಯ ಬಗ್ಗೆ ಏನನ್ನೂ ತೀರ್ಮಾನಿಸಬಾರದು.

ನಿಗದಿತ ಶುಲ್ಕ: ದೀಪ ಹಚ್ಚದಿದ್ದರೂ ಬರುವುದು

ನಿಗದಿತ ಶುಲ್ಕಕ್ಕೂ ಉರಿಸಿದ ಯೂನಿಟ್ಟಿಗೂ ಸಂಬಂಧವಿಲ್ಲ. ಸಂಪರ್ಕ ಪಡೆಯುವಾಗ ಮನೆಗೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂಬುದರ ಮೇಲೆ ಅದು ನಿಂತಿದೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2025-26ಕ್ಕೆ ಗೃಹಬಳಕೆಗೆ ಗೊತ್ತು ಮಾಡಿದ ದರ ಕಿಲೋವ್ಯಾಟಿಗೆ ತಿಂಗಳಿಗೆ 145 ರೂಪಾಯಿ. 3 ಕಿಲೋವ್ಯಾಟಿನ ಮನೆಗೆ ಇದು 435 ರೂಪಾಯಿ. ಫ್ರಿಜ್ ಆರಿಸಿ ಊರಿಗೆ ಹೋದರೂ ಇದರಲ್ಲಿ ಒಂದು ಪೈಸೆ ಇಳಿಯದು. ಅಗತ್ಯಕ್ಕಿಂತ ಹೆಚ್ಚಿನ ಲೋಡ್ ಮಂಜೂರಾಗಿದ್ದರೆ ಅದನ್ನು ಇಳಿಸಲು ಅರ್ಜಿ ಹಾಕುವುದೊಂದೇ ದಾರಿ. ಆದರೆ ಗೀಸರ್, ಇಸ್ತ್ರಿಪೆಟ್ಟಿಗೆ, ಮಿಕ್ಸಿ ಒಟ್ಟಿಗೆ ನಡೆಯುವ ಮನೆಯವರು ಬಿಲ್ಲಿನಲ್ಲಿ ದಾಖಲಾದ ಗರಿಷ್ಠ ಬೇಡಿಕೆಯನ್ನು ನೋಡಿಯೇ ಆ ನಿರ್ಧಾರಕ್ಕೆ ಬರಬೇಕು.

ಸ್ಲ್ಯಾಬ್ ಹೋಯಿತು, ಗೆರೆ ಉಳಿಯಿತು

ಸ್ಲ್ಯಾಬ್‌ನಲ್ಲಿ ಎರಡು ಬಗೆ. ಒಂದರಲ್ಲಿ ಮಿತಿ ದಾಟಿದ ಯೂನಿಟ್‌ಗಳಿಗೆ ಮಾತ್ರ ಹೆಚ್ಚಿನ ದರ. ಇನ್ನೊಂದರಲ್ಲಿ ಮಿತಿ ದಾಟಿದ ಕೂಡಲೇ ಮೊದಲ ಯೂನಿಟ್‌ನಿಂದಲೇ ಹೆಚ್ಚಿನ ದರ. ಕೆಎಸ್‌ಇಬಿಯ ಬಿಲ್ ಕಟ್ಟುವ ಕಾಸರಗೋಡಿನ ಕನ್ನಡಿಗರಿಗೆ ಎರಡೂ ಗೊತ್ತು: ತಿಂಗಳಿಗೆ 250 ಯೂನಿಟ್‌ವರೆಗೆ ಮೊದಲ ಬಗೆ, ಆಚೆಗೆ ಎರಡನೆಯದು. ಕರ್ನಾಟಕದಲ್ಲಿ 2023ರಲ್ಲಿ ಎರಡನೆಯ ಬಗೆಯೇ ಇತ್ತು. 100 ಯೂನಿಟ್‌ವರೆಗೆ 4.75 ರೂಪಾಯಿ, ದಾಟಿದರೆ ಎಲ್ಲಕ್ಕೂ 7 ರೂಪಾಯಿ. ನೂರಕ್ಕೆ 475 ರೂಪಾಯಿಯಾದರೆ ನೂರೊಂದಕ್ಕೆ 707.

2024ರ ಏಪ್ರಿಲ್‌ನಿಂದ ರಾಜ್ಯದ ಗೃಹಬಳಕೆ ದರದಲ್ಲಿ ಸ್ಲ್ಯಾಬ್ ಇಲ್ಲ, ಎಲ್ಲ ಯೂನಿಟ್‌ಗೂ ಒಂದೇ ದರ. 2025-26ರಲ್ಲಿ ಅದು 5.80 ರೂಪಾಯಿ. ಇದರ ಜೊತೆಗೆ ಯೂನಿಟ್ಟಿಗೆ 36 ಪೈಸೆಯ ಪಿಂಚಣಿ ಮತ್ತು ಗ್ರಾಚ್ಯುಟಿ ಸರ್ಚಾರ್ಜ್, ವಿದ್ಯುತ್ ಶುಲ್ಕದ ಮೇಲೆ ಶೇ 9ರ ತೆರಿಗೆ ಸೇರಿದರೆ ಯೂನಿಟ್ಟಿನ ನಿಜವಾದ ಬೆಲೆ 6.68 ರೂಪಾಯಿಯ ಹತ್ತಿರ ಬರುತ್ತದೆ. ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಕಾಲಕಾಲಕ್ಕೆ ಬದಲಾಗುವುದರಿಂದ ಅದನ್ನು ಇಲ್ಲಿ ಬಿಟ್ಟಿದ್ದೇನೆ.

ಆದರೂ ಒಂದು ಗೆರೆ ಉಳಿದಿದೆ, ಅದು ಗೃಹಜ್ಯೋತಿಯದು. ಈ ಯೋಜನೆಯಲ್ಲಿ ಮನೆಯ 2022-23ರ ಸರಾಸರಿ ಬಳಕೆಗೆ ಸಾಮಾನ್ಯವಾಗಿ ಶೇ 10 ಸೇರಿಸಿ ಉಚಿತ ಯೂನಿಟ್ ಗೊತ್ತು ಮಾಡಿದ್ದಾರೆ. ಅದರೊಳಗಿದ್ದರೆ ಶೂನ್ಯ ಬಿಲ್. ದಾಟಿದರೂ 200ರೊಳಗಿದ್ದರೆ ಹೆಚ್ಚುವರಿ ಯೂನಿಟ್‌ಗೆ ಹಣ. 200 ದಾಟಿದರೆ ಪೂರ್ತಿ ಬಿಲ್.

150 ಯೂನಿಟ್ ಉಚಿತವಿರುವ, 3 ಕಿಲೋವ್ಯಾಟ್ ಲೋಡಿನ ಒಂದು ಮನೆಯನ್ನು ತೆಗೆದುಕೊಳ್ಳೋಣ. ಒಂದು ತಿಂಗಳು 212 ಯೂನಿಟ್ ಉರಿದಿದೆ. ನಿಗದಿತ ಶುಲ್ಕವೂ ಸೇರಿ ಬಿಲ್ ಸುಮಾರು 1,850 ರೂಪಾಯಿ. ಅದೇ ಮನೆ 194ಕ್ಕೆ ನಿಂತಿದ್ದರೆ ಹೆಚ್ಚುವರಿ 44 ಯೂನಿಟ್‌ಗಳ ಶುಲ್ಕ, ಸರ್ಚಾರ್ಜ್, ತೆರಿಗೆ ಸೇರಿ 300 ರೂಪಾಯಿಯೂ ಆಗುವುದಿಲ್ಲ. 18 ಯೂನಿಟ್ಟಿನ ಬೆಲೆ 120 ರೂಪಾಯಿ, ಬಿಲ್ಲಿನ ಅಂತರ ಸಾವಿರಕ್ಕೂ ಮೇಲೆ. ಈ 18 ಯೂನಿಟ್ ಎಲ್ಲಿ ಸಿಗುತ್ತದೆ ಎಂದು ಹುಡುಕಲು ಹೊರಟರೆ ಮೊದಲು ತಟ್ಟಬೇಕಾದ ಬಾಗಿಲು ಫ್ರಿಜ್ಜಿನದು. ಹಗಲು ರಾತ್ರಿ ಪ್ಲಗ್ಗಿನಲ್ಲೇ ಇರುವ ದೊಡ್ಡ ಯಂತ್ರ ಮನೆಯಲ್ಲಿ ಅದೊಂದೇ.

ಫ್ರಿಜ್ ಎಷ್ಟು ಉಣ್ಣುತ್ತಿದೆ?

ಊಹೆಗಿಂತ ಅಳತೆ ಒಳ್ಳೆಯದು. ಮನೆಯವರೆಲ್ಲ ಒಂದು ದಿನ ಹೊರಗೆ ಹೋಗುವಾಗ ಫ್ರಿಜ್ ಬಿಟ್ಟು ಉಳಿದದ್ದೆಲ್ಲ ಆರಿಸಿ, ಮೀಟರಿನ ಅಂಕಿ ಬರೆದುಕೊಳ್ಳಿ. ಮರಳಿ ಬಂದಾಗ ಮತ್ತೆ ನೋಡಿ, 24 ಗಂಟೆಗೆ ಲೆಕ್ಕ ಹಾಕಿ. ಬಾಗಿಲು ತೆರೆಯದ ದಿನವಾದ್ದರಿಂದ ನಿಜವಾದ ಬಳಕೆ ಇದಕ್ಕಿಂತ ತುಸು ಹೆಚ್ಚೇ ಇರುತ್ತದೆ. ಪ್ಲಗ್ಗಿಗೆ ಸಿಕ್ಕಿಸುವ ಚಿಕ್ಕ ಪವರ್ ಮೀಟರ್ ಸಿಕ್ಕರೆ ಇನ್ನೂ ಸುಲಭ, ವಾರವಿಡೀ ಹಾಗೇ ಬಿಟ್ಟು ಸರಾಸರಿ ತೆಗೆಯಬಹುದು.

ಕಂಪ್ರೆಸರ್ ಸ್ವಲ್ಪ ಹೊತ್ತು ಓಡಿ, ಸ್ವಲ್ಪ ಹೊತ್ತು ನಿಲ್ಲಬೇಕು. ರಾತ್ರಿ ಯಾರೂ ಬಾಗಿಲು ತೆರೆಯದಿದ್ದರೂ ಅದು ನಿಲ್ಲದೆ ಗುನುಗುತ್ತಿದ್ದರೆ ತಂಪು ಎಲ್ಲೋ ಸೋರುತ್ತಿದೆ, ಇಲ್ಲವೆ ಬಿಸಿ ಹೊರಹೋಗುತ್ತಿಲ್ಲ, ಇಲ್ಲವೆ ಗ್ಯಾಸ್ ಅಥವಾ ಥರ್ಮೊಸ್ಟ್ಯಾಟ್ ಕೆಟ್ಟಿದೆ. ನಮ್ಮ ಉದಾಹರಣೆಯ ಮನೆಯ ಫ್ರಿಜ್ ದಿನಕ್ಕೆ 1.85 ಯೂನಿಟ್ ಎಳೆಯುತ್ತಿದೆ ಎಂದಿಟ್ಟುಕೊಳ್ಳೋಣ, ತಿಂಗಳಿಗೆ 55.

ಬಾಗಿಲ ರಬ್ಬರ್, ಹಿಂಬದಿಯ ಜಾಲರಿ, ಹಿಮ

ಮೊದಲು ಬಾಗಿಲ ರಬ್ಬರ್. ಕಾಗದದ ಪಟ್ಟಿಯೊಂದನ್ನು ಸಂದಿಯಲ್ಲಿಟ್ಟು ಬಾಗಿಲು ಹಾಕಿ ಎಳೆಯಿರಿ. ಬಿಗಿಯಾಗಿ ಹಿಡಿದರೆ ಸರಿ, ಸಲೀಸಾಗಿ ಜಾರಿದರೆ ಆ ಜಾಗದಲ್ಲಿ ಬಿಸಿಗಾಳಿ ಒಳಗೆ ನುಗ್ಗುತ್ತಿದೆ. ನಾಲ್ಕೂ ಬದಿ ಪರೀಕ್ಷಿಸಬೇಕು, ಹಿಡಿಕೆಯ ಬದಿ ಸರಿಯಿದ್ದು ಕೆಳಮೂಲೆ ಸಡಿಲವಾಗಿರುವುದುಂಟು. ಎಷ್ಟೋ ಸಲ ಜಿಡ್ಡು ಕೂತು ರಬ್ಬರ್ ಗಟ್ಟಿಯಾಗಿರುತ್ತದೆ, ಉಗುರುಬೆಚ್ಚಗಿನ ಸೋಪುನೀರಿನಲ್ಲಿ ಒರೆಸಿದರೆ ಮೆದುವಾಗುತ್ತದೆ. ಹರಿದಿದ್ದರೆ ಅದೇ ಮಾದರಿಯ ಹೊಸ ರಬ್ಬರ್ ಹಾಕಿಸಬೇಕು.

ಹಳೆಯ ಮಾದರಿಗಳ ಬೆನ್ನಿಗೆ ಕಪ್ಪು ಜಾಲರಿಯ ಕೊಳವೆ ಇರುತ್ತದೆ. ಒಳಗಿನ ಬಿಸಿ ಹೊರಬೀಳುವುದು ಅಲ್ಲಿಂದ. ಅದಕ್ಕೆ ಧೂಳು, ಒಗ್ಗರಣೆಯ ಜಿಡ್ಡು ಅಂಟಿದರೆ ಕಂಪ್ರೆಸರ್ ಹೆಚ್ಚು ಹೊತ್ತು ಓಡಲೇಬೇಕು. ಪ್ಲಗ್ ತೆಗೆದು, ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಗೋಡೆಯಿಂದ ಒಂದು ಗೇಣಿನಷ್ಟು ದೂರ ಇಡಿ. ಒಲೆಯ ಪಕ್ಕ, ಬಿಸಿಲು ಬೀಳುವ ಕಿಟಕಿಯ ಬಳಿ ಬೇಡ.

ಒಂದೇ ಬಾಗಿಲಿನ ಫ್ರಿಜ್ಜಿನಲ್ಲಿ ಹಿಮ ಬೆರಳ ದಪ್ಪವಾಗುವ ಮುಂಚೆಯೇ ಥರ್ಮೊಸ್ಟ್ಯಾಟ್ ನಾಬಿನ ನಡುವಿನ ಡಿಫ್ರಾಸ್ಟ್ ಗುಂಡಿ ಒತ್ತಿ ಕರಗಿಸಬೇಕು. ಚಾಕುವಿನಿಂದ ಕೆತ್ತಲೇಬಾರದು. ತಟ್ಟೆಗೆ ತೂತಾದರೆ ಗ್ಯಾಸ್ ಹೋಗುತ್ತದೆ, ರಿಪೇರಿ ದುಬಾರಿಯಾಗುತ್ತದೆ. ನಾಬಿನ ಅಂಕಿ ಡಿಗ್ರಿಯಲ್ಲ, ಹೆಚ್ಚಿನ ಅಂಕಿ ಎಂದರೆ ಹೆಚ್ಚು ತಂಪು. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ರಾತ್ರಿಯಿಡೀ ಬಿಟ್ಟು ನೋಡಿ. 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿದ್ದರೆ ಸಾಕು. ರಾತ್ರಿ ಫ್ರಿಜ್ ಆರಿಸಿ ಬೆಳಿಗ್ಗೆ ಹಾಕುವ ರೂಢಿಯಿಂದ ಉಳಿತಾಯ ಅತ್ಯಲ್ಪ. ಏರಿದ ಬಿಸಿಯನ್ನು ಬೆಳಿಗ್ಗೆ ಮತ್ತೆ ಇಳಿಸಬೇಕಾಗುತ್ತದೆ, ನಡುವೆ ಹಾಲು ಒಡೆಯುವ ಅಪಾಯ ಬೇರೆ.

ಇಷ್ಟು ಮಾಡಿ ಮತ್ತೆ ಅಳೆದಾಗ ದಿನಕ್ಕೆ 1.25 ಯೂನಿಟ್‌ಗೆ ಬಂದರೆ, ತಿಂಗಳಿಗೆ ಬೇಕಾಗಿದ್ದ 18 ಯೂನಿಟ್ ಸಿಕ್ಕಿತು.

ಹೊಸದು ಕೊಳ್ಳಬೇಕೇ?

ಕಡಿಮೆ ಬಳಸುವ ಹೊಸ ಫ್ರಿಜ್ ದಿನಕ್ಕೆ 0.6 ಯೂನಿಟ್ ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳೋಣ. ಸ್ಟಾರ್ ಲೇಬಲ್ಲಿನಲ್ಲಿ ವರ್ಷದ ಯೂನಿಟ್ ಬರೆದಿರುತ್ತದೆ, ಅದನ್ನು 365ರಿಂದ ಭಾಗಿಸಿದರಾಯಿತು. ಸರಿಪಡಿಸಿದ ಹಳೆಯದಕ್ಕಿಂತ ತಿಂಗಳಿಗೆ ಸುಮಾರು 20 ಯೂನಿಟ್ ಕಡಿಮೆ, ಅಂದರೆ ಸುಮಾರು 130 ರೂಪಾಯಿ. 20,000 ರೂಪಾಯಿಯ ಫ್ರಿಜ್ಜಿನ ಬೆಲೆ ಹುಟ್ಟಲು ಸುಮಾರು ಹದಿಮೂರು ವರ್ಷ ಬೇಕು. ಬಿಲ್ ಇಳಿಸುವುದಕ್ಕೆಂದೇ ಕೊಳ್ಳುವುದು ಈ ಮನೆಗೆ ಲಾಭವಲ್ಲ. ಎಲ್ಲ ಸರಿಪಡಿಸಿದ ಮೇಲೂ ಹಳೆಯದು 2 ಯೂನಿಟ್ ದಾಟುತ್ತಿದ್ದರೆ, ಅಥವಾ ಆ 20 ಯೂನಿಟ್ಟಿಗಾಗಿಯೇ ಮನೆ ಪ್ರತಿ ತಿಂಗಳೂ 200ರ ಗೆರೆ ದಾಟುತ್ತಿದ್ದರೆ ಲೆಕ್ಕ ತಿರುಗುತ್ತದೆ. ಆಗ ಕೊಂಡರೂ ಹಳೆಯದನ್ನು ಹಿತ್ತಿಲ ಕೋಣೆಯಲ್ಲಿ ನೀರು, ಹೂವು ಇಡಲೆಂದು ಹಚ್ಚಿಡಬಾರದು. ಎರಡೂ ನಡೆದರೆ ಬಿಲ್ ಮೊದಲಿಗಿಂತ ಹೆಚ್ಚೇ ಬರುತ್ತದೆ.