ತಮಟೆಯ ಹನ್ನೆರಡು ಪೆಟ್ಟು: ಲಯಸಾಮ್ಯವನ್ನು ಪರೀಕ್ಷಿಸುವ ಒಂದು ಶಾಲಾಯೋಜನೆ

ಹೊಯ್ಸಳ ಶಾಸನಗಳು ರಾಜ್ಯದ ಮೂಡಣ ಎಲ್ಲೆಯೆಂದು ಹೆಸರಿಸುವ ನಂಗಲಿಯ ಸೀಮೆಯಲ್ಲಿ, ಶಾಸ್ತ್ರೀಯ ಮತ್ತು ಜಾನಪದ ಲಯಗಳನ್ನು ಹೋಲಿಸಹೊರಟ ಪ್ರೌಢಶಾಲೆಯ ವಿದ್ಯಾರ್ಥಿಗೆ ಸಾಮಗ್ರಿಯ ಕೊರತೆಯಿಲ್ಲ. ಪಶ್ಚಿಮಕ್ಕೆ ಮುಳಬಾಗಿಲಿನಲ್ಲಿ, ಒಂದೇ ರಚನೆಯೊಳಗೆ ಹಲವು ತಾಳಗಳನ್ನು ಪೋಣಿಸುವ ಸುಳಾದಿಗಳನ್ನು ಬರೆದ ಶ್ರೀಪಾದರಾಜರ ಬೃಂದಾವನವಿದೆ. ಸುತ್ತಣ ಹಳ್ಳಿಗಳ ಜಾತ್ರೆಗಳಲ್ಲಿ ತಮಟೆಯೂ ಅದರ ಕುಣಿತವೂ ಇವೆ. ತೊಡಕಿರುವುದು ಸಾಮಗ್ರಿಯಲ್ಲಲ್ಲ, ಎಣಿಕೆಯಲ್ಲಿ.

ಹನ್ನೆರಡು ಸಮಾನ ಮಾತ್ರೆಗಳಲ್ಲಿ ಸುತ್ತಿ ಬರುವ ತಮಟೆಯ ಒಂದು ಗತಿಯನ್ನು ಧ್ವನಿಮುದ್ರಿಸಿ ತಂದ ವಿದ್ಯಾರ್ಥಿ, ಆರು ಅಕ್ಷರಗಳನ್ನು ಎರಡೆರಡು ಮಾತ್ರೆಗಳಾಗಿ ಒಡೆದರೆ ಹನ್ನೆರಡಾಗುವುದೆಂದು ಕಂಡು, ಅದನ್ನು ರೂಪಕತಾಳವೆಂದು ಬರೆದುಬಿಡುವುದು ಸಹಜವೇ. ಆದರೆ ಆದಿತಾಳವನ್ನು ತಿಶ್ರನಡೆಯಲ್ಲಿ ಹಾಕಿದರೆ ಎಂಟು ಅಕ್ಷರಗಳಿಗೆ ಇಪ್ಪತ್ತನಾಲ್ಕು ಮಾತ್ರೆಗಳಾಗುವುದರಿಂದ, ತಮಟೆಯ ಎರಡು ಸುತ್ತುಗಳು ಅದರ ಒಂದು ಆವರ್ತಕ್ಕೂ ಕೂಡಿಕೊಳ್ಳುತ್ತವೆ. ಸಂಖ್ಯೆ ಎರಡು ಪಕ್ಷಕ್ಕೂ ಸಾಕ್ಷಿ ಹೇಳುವಾಗ ನಿರ್ಣಯವನ್ನು ಕುಣಿಯುವವರ ಪಾದಗಳಿಂದ ಕೇಳಬೇಕು: ಹನ್ನೆರಡು ಮಾತ್ರೆಗಳಲ್ಲಿ ಹೆಜ್ಜೆ ನಾಲ್ಕು ಬಾರಿ ಬಿದ್ದರೆ ಒಳಗಣ ಗಣ ಮೂರರದು, ಅಂದರೆ ತಿಶ್ರ, ಆರು ಬಾರಿ ಬಿದ್ದರೆ ಎರಡರದು. ಆದುದರಿಂದ ಬರಿಯ ಧ್ವನಿಮುದ್ರಣ ಸಾಲದು. ಪಾದಗಳು ಕಾಣುವಂತೆ ಚಿತ್ರೀಕರಣವೂ ಆಗಬೇಕು.

ಎರಡನೆಯ ಅಳತೆ ಕಾಲಪ್ರಮಾಣದ್ದು. ಕಛೇರಿಯಲ್ಲಿ ಕೃತಿಯೊಂದನ್ನು ಎತ್ತಿಕೊಂಡ ವೇಗದಲ್ಲಿಯೇ ಮುಗಿಸುವುದು ಶಿಸ್ತು; ತಮಟೆಯಲ್ಲಿಯಾದರೋ ಕುಣಿತ ಕಾವೇರಿದಂತೆ ವೇಗವೂ ಏರುವುದುಂಟು. ಆರಂಭ, ಮಧ್ಯ, ಅಂತ್ಯಗಳಲ್ಲಿ ಹದಿನೈದು ಸೆಕೆಂಡುಗಳಷ್ಟು ಹೆಜ್ಜೆಗಳನ್ನೆಣಿಸಿ ನಾಲ್ಕರಿಂದ ಗುಣಿಸಬೇಕು. ಮೊದಲಲ್ಲಿ 24 ಹೆಜ್ಜೆಗಳು ದೊರೆತರೆ ನಿಮಿಷಕ್ಕೆ 96, ಕಡೆಯಲ್ಲಿ 32 ದೊರೆತರೆ 128. ಲಯ ಮೂರನೆಯ ಒಂದು ಪಾಲು ಏರಿತೆಂದಾಯಿತು. ಇದನ್ನು ಲಯಭಂಗವೆಂದು ಬರೆಯುವುದು ಶಾಸ್ತ್ರದ ಕೋಲಿನಿಂದ ಕುಣಿತವನ್ನಳೆಯುವ ತಪ್ಪು. ಗಣ ಮೂರರದಾಗಿದ್ದರೆ ಅದು ಹಾಗೆಯೇ ಉಳಿಯಿತೇ ಎಂಬುದಷ್ಟೇ ಪ್ರಶ್ನೆ, ಏಕೆಂದರೆ ವೇಗ ಹೆಚ್ಚಿದಾಗ ನಡುವಣ ಸಣ್ಣ ಪೆಟ್ಟುಗಳು ಲೋಪವಾಗಿ ಮೂರರ ಗಣ ಎರಡರಂತೆ ಕೇಳಿಸಬಹುದು.

ತಮಟೆ ಬೆಂಕಿಯಲ್ಲಿ ಕಾಯಿಸಿ ಬಿಗಿಗೊಳಿಸುವ ವಾದ್ಯ; ತೊಗಲು ತಣಿದರೆ ದನಿ ಮಂದವಾಗಿ ದೊಡ್ಡ ಪೆಟ್ಟಿಗೂ ಸಣ್ಣ ಪೆಟ್ಟಿಗೂ ಭೇದ ತಿಳಿಯದು. ಕಾಯಿಸಿದೊಡನೆಯೇ ಧ್ವನಿಮುದ್ರಿಸಿಕೊಳ್ಳುವುದು ಲೇಸು.

ಇನ್ನೊಂದು ಮಾತು. ಶತಮಾನಗಳ ಕಾಲ ದಲಿತರು ಬಿಟ್ಟಿಯಾಗಿ ಬಾರಿಸಬೇಕಾಗಿದ್ದ ವಾದ್ಯವಿದು. ಹಿಂದೆ ಕೋಲಾರ ಜಿಲ್ಲೆಗೇ ಸೇರಿದ್ದ ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆವಾದನಕ್ಕಾಗಿಯೇ 2023ರಲ್ಲಿ ಪದ್ಮಶ್ರೀ ಸಂದಿತು. ಶಾಲೆಯವರು ವಾದಕರನ್ನು ಗುರುಗಳೆಂದು ಬರಮಾಡಿಕೊಂಡು ಸಂಭಾವನೆ ಸಲ್ಲಿಸಲಿ. ಆವರ್ತದ ಮೊದಲ ಪೆಟ್ಟು ಯಾವುದೆಂಬುದನ್ನು ಪುಸ್ತಕದಿಂದ ಊಹಿಸದೆ ಅವರಿಂದಲೇ ಕೇಳಿ ಬರೆದುಕೊಳ್ಳಲಿ.