ಮಲೇರಿಯಾ: ಯಾವ ಹಂತಕ್ಕೆ ಯಾವ ಗುಳಿಗೆ? ಒಂದೇ ಔಷಧ ಏಕೆ ಸಾಲದು?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಹಾಗೂ ಎಚ್.ಡಿ.ಕೋಟೆ ತಾಲ್ಲೂಕುಗಳಿಂದ ಕೂಲಿಗಾಗಿ ಕೊಡಗಿನ ತೋಟಗಳಿಗೂ ಮಂಗಳೂರಿನ ಕಟ್ಟಡ ಕಾಮಗಾರಿಗಳಿಗೂ ತೆರಳುವವರಿದ್ದಾರೆ. ರಾಜ್ಯದ ಮಲೇರಿಯಾ ಪ್ರಕರಣಗಳಲ್ಲಿ ಬಹುಪಾಲು ಹಲವು ವರ್ಷಗಳ ಕಾಲ ಮಂಗಳೂರು ಭಾಗದಲ್ಲೇ ದಾಖಲಾಗುತ್ತಿದ್ದವು. ಹೀಗಾಗಿ ಊರಿಗೆ ಮರಳಿದವರಿಗೆ ಚಳಿಜ್ವರ ಬಂದರೆ ಮೊದಲು ರಕ್ತಪರೀಕ್ಷೆ ಮಾಡಿಸುವುದು ಸೂಕ್ತ. ರಕ್ತದಲ್ಲಿ ಕಂಡುಬರುವ ಪರಾವಲಂಬಿ ವೈವಾಕ್ಸ್ ಜಾತಿಯದೋ ಫಾಲ್ಸಿಪೆರಮ್ ಜಾತಿಯದೋ ಎಂಬುದರ ಮೇಲೆ ಚಿಕಿತ್ಸೆ ಬದಲಾಗುತ್ತದೆ.

ಉದಾಹರಣೆಗೆ, ಮಂಗಳೂರಿನಿಂದ ಹುಣಸೂರಿಗೆ ಹಿಂದಿರುಗಿದ ಸುಮಾರು 60 ಕಿಲೋ ತೂಕದ ಕಾರ್ಮಿಕರೊಬ್ಬರನ್ನು ಊಹಿಸಿಕೊಳ್ಳಬಹುದು. ಅನಾಫಿಲಿಸ್ ಸೊಳ್ಳೆ ಕಚ್ಚಿದಾಗ ಒಳಹೊಕ್ಕ ರೋಗಾಣುಗಳು ನೇರವಾಗಿ ಯಕೃತ್ತನ್ನು ಸೇರುತ್ತವೆ. ಅಲ್ಲಿ ವಾರಕ್ಕೂ ಮಿಗಿಲಾಗಿ ಸದ್ದಿಲ್ಲದೆ ಬೆಳೆಯುವಾಗ ಜ್ವರವಿರುವುದಿಲ್ಲ, ರಕ್ತಪರೀಕ್ಷೆಯಲ್ಲೂ ಏನೂ ಕಾಣದು. ಅನಂತರ ಅವು ರಕ್ತಕ್ಕಿಳಿದು ಕೆಂಪು ಕಣಗಳನ್ನು ಒಡೆಯತೊಡಗುತ್ತವೆ. ಚಳಿ, ನಡುಕ, ಜ್ವರ ಈ ಹಂತದ ಲಕ್ಷಣಗಳು.

ಕ್ಲೋರೋಕ್ವಿನ್ ಕೆಲಸ ಮಾಡುವುದು ಈ ರಕ್ತದ ಹಂತದಲ್ಲಿ ಮಾತ್ರ. ಪರಾವಲಂಬಿಯು ಹಿಮೋಗ್ಲೋಬಿನ್ ತಿಂದು ಬದುಕುತ್ತದೆ. ಆಗ ಉಳಿಯುವ ಹೀಮ್ ಎಂಬ ಕಬ್ಬಿಣಾಂಶವಿರುವ ವಸ್ತು ಅದಕ್ಕೇ ವಿಷ. ಅದನ್ನು ಹರಳಾಗಿ ಕಟ್ಟಿ ನಿರುಪದ್ರವಗೊಳಿಸುವ ಉಪಾಯ ಅದಕ್ಕುಂಟು. ಕ್ಲೋರೋಕ್ವಿನ್ ಈ ಹರಳುಗಟ್ಟುವಿಕೆಯನ್ನು ತಡೆಯುತ್ತದೆ, ರೋಗಾಣು ತಾನುಂಡ ಎಂಜಲಿನಿಂದಲೇ ಸಾಯುತ್ತದೆ.

ವೈವಾಕ್ಸ್ ಆಗಿದ್ದರೆ ಕಾರ್ಮಿಕರಿಗೆ 150 ಮಿ.ಗ್ರಾಂ. ಕ್ಲೋರೋಕ್ವಿನ್ ಬೇಸ್ ಇರುವ ಗುಳಿಗೆಗಳು ಮೊದಲ ಎರಡು ದಿನ ನಾಲ್ಕು ನಾಲ್ಕು, ಮೂರನೆಯ ದಿನ ಎರಡು ಸಲ್ಲುತ್ತವೆ. ಜ್ವರ ಇಳಿಯುತ್ತದೆ. ಆದರೆ ವೈವಾಕ್ಸ್‌ನ ಕೆಲವು ರೋಗಾಣುಗಳು ಯಕೃತ್ತಿನಲ್ಲಿ ನಿದ್ರಾವಸ್ಥೆಯಲ್ಲಿ ಉಳಿದು, ವಾರಗಳು ಅಥವಾ ತಿಂಗಳುಗಳ ಬಳಿಕ ಎಚ್ಚರಗೊಳ್ಳುತ್ತವೆ. ಇವುಗಳನ್ನು ಕ್ಲೋರೋಕ್ವಿನ್ ಮುಟ್ಟದು. ಅದಕ್ಕಾಗಿಯೇ ಪ್ರೈಮಾಕ್ವಿನ್ ದಿನಕ್ಕೆ 15 ಮಿ.ಗ್ರಾಂ.ನಂತೆ 14 ದಿನ ಬೇಕು. ಜ್ವರ ಬಿಟ್ಟಿತೆಂದು ಐದನೆಯ ದಿನಕ್ಕೇ ಗುಳಿಗೆ ನಿಲ್ಲಿಸಿ, ಮತ್ತೆ ಜ್ವರ ಬಂದಾಗ ಔಷಧವೇ ಕಳಪೆ ಎಂದು ದೂರುವುದುಂಟು. ಜಿ6ಪಿಡಿ ಎಂಬ ಕಿಣ್ವದ ಕೊರತೆಯುಳ್ಳವರಿಗೆ ಪ್ರೈಮಾಕ್ವಿನ್‌ನಿಂದ ರಕ್ತಕಣಗಳು ಒಡೆದು ಮೂತ್ರ ಕಪ್ಪಾಗಬಹುದು. ಹಾಗಾದರೆ ತಕ್ಷಣ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಗರ್ಭಿಣಿಯರಿಗೆ, ಎಳೆ ಶಿಶುಗಳಿಗೆ ಇದನ್ನು ಕೊಡುವುದಿಲ್ಲ.

ಫಾಲ್ಸಿಪೆರಮ್‌ನ ಕಥೆ ಬೇರೆ. ಭಾರತದಲ್ಲಿ ಇದು ಕ್ಲೋರೋಕ್ವಿನ್‌ಗೆ ಮಣಿಯದಿರುವುದು ಮೊದಲು ವರದಿಯಾದದ್ದು 1973ರಲ್ಲಿ, ಅಸ್ಸಾಮಿನ ಕಾರ್ಬಿ ಆಂಗ್ಲಾಂಗ್‌ನಲ್ಲಿ. ರೋಗಾಣುವಿನ ಜೀರ್ಣಚೀಲದ ಗೋಡೆಯಲ್ಲಿರುವ ಒಂದು ಸಾಗಣೆ ಪ್ರೋಟೀನ್ ಬದಲಾದುದೇ ಮುಖ್ಯ ಕಾರಣ. ಬದಲಾದ ಪ್ರೋಟೀನ್ ಔಷಧವನ್ನು ಒಳಗೆ ಉಳಿಯಗೊಡದೆ ಹೊರದಬ್ಬುತ್ತದೆ. ಗುಳಿಗೆ ನುಂಗಿದ ಮೂರನೆಯ ದಿನವೂ ಜ್ವರವಿದ್ದು ರಕ್ತಲೇಪನದಲ್ಲಿ ರೋಗಾಣು ಕಂಡರೆ, ಅಥವಾ ಮಾಯವಾದದ್ದು 28 ದಿನಗಳೊಳಗೆ ಮರಳಿದರೆ ಚಿಕಿತ್ಸೆ ವಿಫಲವಾಗಿರುವ ಶಂಕೆ ಮೂಡಬೇಕು. ವಾಂತಿಯಿಂದ ಗುಳಿಗೆ ಹೊರಹೋಗಿತ್ತೇ, ಪ್ರಮಾಣ ಕಡಿಮೆಯಿತ್ತೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು ನ್ಯಾಯ.

ಆರ್ಟಿಮಿಸಿನಿನ್ ಚೀನಾದ ಗಿಡವೊಂದರಿಂದ ಬಂದದ್ದು, ಇದರ ಶೋಧಕ್ಕಾಗಿ ತು ಯೂಯೂ 2015ರಲ್ಲಿ ನೊಬೆಲ್ ಪಡೆದರು. ಇದರ ವೇಗ ಅಸಾಧಾರಣ. ರೋಗಾಣುವಿನ 48 ಗಂಟೆಗಳ ಒಂದು ಚಕ್ರದಲ್ಲಿ ಸಂಖ್ಯೆಯನ್ನು ಸುಮಾರು ಹತ್ತು ಸಾವಿರ ಪಟ್ಟು ಕುಗ್ಗಿಸಬಲ್ಲದು. ಆದರೆ ಕೆಲವೇ ಗಂಟೆಗಳಲ್ಲಿ ರಕ್ತದಿಂದ ಇಳಿದುಹೋಗುತ್ತದೆ. ಮೂರು ದಿನ ಇದೊಂದನ್ನೇ ಕೊಟ್ಟರೆ ಅಳಿದುಳಿದವು ಮತ್ತೆ ಬೆಳೆಯುತ್ತವೆ. ಆದ್ದರಿಂದ ಬಹುಕಾಲ ರಕ್ತದಲ್ಲಿ ಉಳಿಯುವ ಇನ್ನೊಂದು ಔಷಧವನ್ನು ಜೊತೆಗೂಡಿಸಲಾಗುತ್ತದೆ. ಮೊದಲನೆಯದು ಬಹುಪಾಲನ್ನು ಕೊಂದರೆ, ಎರಡನೆಯದು ಉಳಿದ ಅಲ್ಪವನ್ನು ಮುಗಿಸುತ್ತದೆ. ಕೋಟಿಗೊಂದು ರೋಗಾಣು ಒಂದು ಔಷಧವನ್ನು ಎದುರಿಸಬಲ್ಲದು, ಇನ್ನೊಂದಕ್ಕೂ ಅಷ್ಟೇ ಎಂದುಕೊಂಡರೆ, ಎರಡನ್ನೂ ಎದುರಿಸುವುದು ಕೋಟಿ ಕೋಟಿಗೊಂದು ಮಾತ್ರ. ಈ ಲೆಕ್ಕದ ಕಾರಣದಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಆರ್ಟಿಮಿಸಿನಿನ್‌ನ ಒಂಟಿ ಗುಳಿಗೆಗಳನ್ನು ಕೈಬಿಡಲು ಕಂಪನಿಗಳಿಗೆ ಸೂಚಿಸಿತು.

2013ರ ರಾಷ್ಟ್ರೀಯ ಔಷಧ ನೀತಿಯು ಕರ್ನಾಟಕ ಸೇರಿದಂತೆ ಈಶಾನ್ಯೇತರ ರಾಜ್ಯಗಳಿಗೆ ಆರ್ಟಿಸುನೇಟ್ ಜೊತೆ ಸಲ್ಫಾಡಾಕ್ಸಿನ್–ಪೈರಿಮೆಥಮಿನ್ ನಿಗದಿಪಡಿಸಿತು. ಅದರಂತೆ ಇದೇ ಕಾರ್ಮಿಕರಿಗೆ ಫಾಲ್ಸಿಪೆರಮ್ ಇದ್ದರೆ ದಿನಕ್ಕೆ 200 ಮಿ.ಗ್ರಾಂ. ಆರ್ಟಿಸುನೇಟ್ ಮೂರು ದಿನ, ಜೊತೆಯ ಔಷಧ ಮೊದಲ ದಿನ ಒಂದೇ ಸಲ. ಈಶಾನ್ಯದಲ್ಲಿ ಈ ಜೊತೆಗಾರ ಸೋತಿದ್ದರಿಂದ ಅಲ್ಲಿ ಆರ್ಟಿಮೆಥರ್–ಲುಮಿಫ್ಯಾಂಟ್ರಿನ್ ಆಯ್ಕೆಯಾಯಿತು. ಜೊತೆಯ ಔಷಧ ಸೋತರೆ ಆರ್ಟಿಮಿಸಿನಿನ್ ಒಂಟಿಯಾಗುತ್ತದೆಂಬುದೇ ಇದರ ಹಿಂದಿನ ಎಚ್ಚರ.

ಎರಡನೆಯ ದಿನ 45 ಮಿ.ಗ್ರಾಂ. ಪ್ರೈಮಾಕ್ವಿನ್ ಒಂದೇ ಬಾರಿ ಕೊಡುವುದೂ ಈ ಪಟ್ಟಿಯಲ್ಲಿತ್ತು. ಇದು ರೋಗಿಯ ಜ್ವರಕ್ಕಲ್ಲ. ಫಾಲ್ಸಿಪೆರಮ್‌ನ ಬಾಳೆಹಣ್ಣಿನಾಕಾರದ ಲೈಂಗಿಕ ರೂಪಗಳು ಜ್ವರ ಇಳಿದ ಮೇಲೂ ರಕ್ತದಲ್ಲಿ ಉಳಿದು ಸೊಳ್ಳೆಗೆ ಸೋಂಕು ದಾಟಿಸುತ್ತವೆ, ಪ್ರೈಮಾಕ್ವಿನ್ ಅವುಗಳನ್ನು ನಾಶಪಡಿಸುತ್ತದೆ. ಗುಳಿಗೆ ನುಂಗುವವರು ಕಾರ್ಮಿಕರು, ರಕ್ಷಣೆ ಸಿಗುವುದು ಅವರ ಮನೆಯವರಿಗೆ ಹಾಗೂ ನೆರೆಹೊರೆಗೆ.